ಮಾದರಿ ಹಗುರಾಯಿತು, ತಪಾಸಣೆಯ ಲೆಕ್ಕ ಎಷ್ಟು?

ನಾಗಸಂದ್ರ: ತರಬೇತಿ ಮುಗಿದ ಒಂದು ಚಿತ್ರ-ಮಾದರಿಯನ್ನು ಆನಿಕ್ಸ್ ಕಡತವಾಗಿ ಬರೆಯಲು ಐದಾರು ಸಾಲಿನ ಕೋಡ್ ಸಾಕು. ಅದನ್ನು 94 ಎಂಬಿಯಿಂದ 24 ಎಂಬಿಯ ಆಸುಪಾಸಿಗೆ ಇಳಿಸಲು ಇನ್ನು ಮೂರು ಸಾಲು. ಇಳಿಸಿದ ಮೇಲೆ ಅದು ಮೊದಲಿನಷ್ಟೇ ಸರಿಯಾಗಿ ನೋಡುತ್ತಿದೆಯೇ ಎಂದು ತಿಳಿಯಲು ಮಾತ್ರ, ಕೆಳಗಿನ ಲೆಕ್ಕದಂತೆ, ಒಬ್ಬರು 41 ಗಂಟೆ 40 ನಿಮಿಷ ಕೂತು ನೋಡಬೇಕಾಗುತ್ತದೆ. ಲೆಕ್ಕದ ದಾರಿ ಬದಲಿಸಿದರೆ ಅದೇ ಕೆಲಸ 12 ನಿಮಿಷ 30 ಸೆಕೆಂಡಿಗೆ ಮುಗಿಯುತ್ತದೆ.

ನಾಗಸಂದ್ರದಿಂದ ಪೀಣ್ಯದವರೆಗಿನ ಕೈಗಾರಿಕಾ ಪಟ್ಟಿಗೆ ಹೊಂದುವ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಣ್ಣ ಘಟಕ, ತಯಾರಿಸುವುದು ವಾಷರ್ ಬಿಲ್ಲೆ. ತಪಾಸಣಾ ಯಂತ್ರದಲ್ಲಿ ನಿಮಿಷಕ್ಕೆ 600 ಬಿಲ್ಲೆ ಸಾಗುತ್ತವೆ. ಮೇಲೊಂದು, ಕೆಳಗೊಂದು ಕ್ಯಾಮೆರಾ. ಬಿರುಕು, ಗೀರು ಇದ್ದದ್ದನ್ನು ಪಕ್ಕಕ್ಕೆ ತಳ್ಳಬೇಕು. ನೂರಕ್ಕೆ ಒಂದು ಬಿಲ್ಲೆ ಕೆಟ್ಟದ್ದು ಎಂದುಕೊಳ್ಳೋಣ. ತೀರ್ಪು ಕೊಡುವುದು ರೆಸ್‌ನೆಟ್-50 ಮಾದರಿ. ಅದು ಓಡುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದ, ನಾಲ್ಕು ಕೋರ್‌ನ, ಸುಮಾರು 3 ಗಿಗಾಹರ್ಟ್ಸ್ ವೇಗದ ಹಳೆಯ ಕಂಪ್ಯೂಟರಿನಲ್ಲಿ. ಘಟಕದ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಮಾದರಿಯ ಅಂಕಿಗಳು ನಿಜವಾದವು.

ಸಮಯ ಎಷ್ಟಿದೆ, ಎಷ್ಟು ಬೇಕು

ನಿಮಿಷಕ್ಕೆ 600 ಎಂದರೆ ಒಂದು ಬಿಲ್ಲೆಗೆ 100 ಮಿಲಿಸೆಕೆಂಡ್. ಅಷ್ಟರಲ್ಲಿ ಎರಡು ಚಿತ್ರಗಳ ತೀರ್ಪು ಬರಬೇಕು. 224×224 ಅಳತೆಯ ಒಂದು ಚಿತ್ರಕ್ಕೆ ರೆಸ್‌ನೆಟ್-50 ಸುಮಾರು 409 ಕೋಟಿ ಗುಣಿಸಿ-ಕೂಡುವ ಲೆಕ್ಕ ಮಾಡುತ್ತದೆ. ಎವಿಎಕ್ಸ್2 ಇರುವ ಇಂಟೆಲ್ ಕೋರ್ ಒಂದು ಗಡಿಯಾರ ಬಡಿತಕ್ಕೆ ಇಂಥ 16 ಲೆಕ್ಕ ಮಾಡಬಲ್ಲದು. 3 ಗಿಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 4,800 ಕೋಟಿ. ಅಂದರೆ ಒಂದು ಕೋರ್‌ಗೆ ಚಿತ್ರವೊಂದಕ್ಕೆ 85 ಮಿಲಿಸೆಕೆಂಡ್, ನಾಲ್ಕು ಕೋರ್ ಸೇರಿದರೆ 21. ಇದು ಕಾಗದದ ಮೇಲಿನ ಮಿತಿ. ಮೆಮೊರಿಯಿಂದ ಅಂಕಿ ತರುವ ಕಾಯುವಿಕೆ ಸೇರಿ ಅರ್ಧದಷ್ಟೇ ದಕ್ಕಿತು ಎಂದು ಹಿಡಿದರೆ ಚಿತ್ರಕ್ಕೆ 43, ಬಿಲ್ಲೆಗೆ 86 ಮಿಲಿಸೆಕೆಂಡ್. ಉಳಿಯುವುದು 14. ಚಿತ್ರ ಕತ್ತರಿಸಿ ಅಳತೆಗೆ ತರುವ ಕೆಲಸ ಅದರಲ್ಲೇ ಆಗಬೇಕು. ಸಾಗುತ್ತದೆ, ಆದರೆ ಉಸಿರಾಡಲು ಜಾಗವಿಲ್ಲ.

ಮೊದಲ ಹೆಜ್ಜೆ: ಬರೀ ರೂಪ ಬದಲು

ಆನಿಕ್ಸ್ ಎಂಬುದು ಮಾದರಿಯನ್ನು ಬರೆದಿಡುವ ಒಂದು ಸಾಮಾನ್ಯ ರೂಪ. ಫೇಸ್‌ಬುಕ್ ಮತ್ತು ಮೈಕ್ರೋಸಾಫ್ಟ್ ಇದನ್ನು 2017ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದವು. ಅದನ್ನು ಓಡಿಸುವ ಆನಿಕ್ಸ್ ರನ್‌ಟೈಮನ್ನು ಮೈಕ್ರೋಸಾಫ್ಟ್ 2018ರ ಡಿಸೆಂಬರಿನಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಪೈಟಾರ್ಚ್‌ನಿಂದ ಬರೆಯುವುದು ಹೀಗೆ:

```python
model.eval()
x = torch.randn(1, 3, 224, 224)
torch.onnx.export(model, x, "washer.onnx",
    input_names=["input"], output_names=["output"],
    opset_version=18)
```

ಮೊದಲ ಸಾಲನ್ನು ಬಿಟ್ಟರೆ ಮಾದರಿ ತರಬೇತಿಯ ಸ್ಥಿತಿಯಲ್ಲೇ ಹೊರಬೀಳುವ ಅಪಾಯವಿದೆ. ರೆಸ್‌ನೆಟ್-50ರಲ್ಲಿ 53 ಕನ್ವಲ್ಯೂಷನ್ ಪದರಗಳಿದ್ದು, ಪ್ರತಿಯೊಂದರ ನಂತರವೂ ಒಂದು ಬ್ಯಾಚ್-ನಾರ್ಮ್ ಇರುತ್ತದೆ. ಬಳಕೆಯ ಸ್ಥಿತಿಯಲ್ಲಿ ಅದು ಬರೀ ಒಂದು ಸ್ಥಿರ ಗುಣಾಕಾರ ಮತ್ತು ಸಂಕಲನ. ಆದ್ದರಿಂದ ಅದನ್ನು ಹಿಂದಿನ ಕನ್ವಲ್ಯೂಷನ್‌ನ ತೂಕಗಳಲ್ಲೇ ಕರಗಿಸಿಬಿಡಬಹುದು. 53 ಹೆಜ್ಜೆ ಹೀಗೆ ಮಾಯವಾಗುತ್ತವೆ, ಉತ್ತರ ಬದಲಾಗುವುದಿಲ್ಲ.

ಬದಲಾಗಿಲ್ಲ ಎಂದು ನೋಡುವುದು ಸುಲಭ. ಒಂದೇ ಚಿತ್ರವನ್ನು ಪೈಟಾರ್ಚ್‌ಗೂ ಆನಿಕ್ಸ್ ರನ್‌ಟೈಮ್‌ಗೂ ಕೊಟ್ಟು, ಬಂದ ಅಂಕಿಗಳನ್ನು `rtol=1e-3, atol=1e-5` ಮಿತಿಯಲ್ಲಿ ಹೋಲಿಸಬೇಕು. ಇಲ್ಲಿ ಹೊಂದಿಕೆಯಾಗಿಯೂ ಯಂತ್ರದ ಮೇಲೆ ತೀರ್ಪು ಕೆಟ್ಟರೆ ತಪ್ಪು ಹೆಚ್ಚಾಗಿ ಮಾದರಿಯಲ್ಲಿ ಇರುವುದಿಲ್ಲ, ಅದರ ಮುಂಚಿನ ಕೆಲಸದಲ್ಲಿರುತ್ತದೆ. ಓಪನ್‌ಸಿವಿ ಚಿತ್ರವನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಓದುತ್ತದೆ, ಮಾದರಿ ಕಲಿತದ್ದು ಕೆಂಪು-ಹಸಿರು-ನೀಲಿ ಕ್ರಮದಲ್ಲಿ. ಈ ಅದಲುಬದಲು ಯಾವ ದೋಷ ಸಂದೇಶವನ್ನೂ ಕೊಡದೆ ಕೆಲಸ ಕೆಡಿಸುತ್ತದೆ. ಹಾಗಾಗಿ ಹೋಲಿಕೆಯನ್ನು ಯಾದೃಚ್ಛಿಕ ಅಂಕಿಗಳ ಮೇಲೆ ಮಾಡಿ ನಿಲ್ಲಿಸದೆ, ಕ್ಯಾಮೆರಾದ ಕಡತದಿಂದಲೇ ಶುರುಮಾಡಬೇಕು.

ಎರಡನೇ ಹೆಜ್ಜೆ: 32 ಬಿಟ್‌ನಿಂದ 8ಕ್ಕೆ

ಒಳ್ಳೆಯದು, ಕೆಟ್ಟದ್ದು ಎಂಬ ಎರಡೇ ಉತ್ತರ ಕೊಡುವ ರೆಸ್‌ನೆಟ್-50ರಲ್ಲಿ 2,35,12,130 ತೂಕಗಳಿವೆ. ತಲಾ 4 ಬೈಟ್‌ನಂತೆ 94 ಎಂಬಿ. ಪ್ರತಿ ತೂಕವನ್ನೂ 8 ಬಿಟ್‌ನ ಪೂರ್ಣಾಂಕವಾಗಿಸಿದರೆ ಕಾಲು ಭಾಗ. ನಿಖರತೆ ಎಷ್ಟು ಕರಗುತ್ತದೆ ಎಂಬುದಕ್ಕೆ ಟಾರ್ಚ್‌ವಿಷನ್ ಪ್ರಕಟಿಸಿದ ಅಂಕಿಗಳಿವೆ. ಇಮೇಜ್‌ನೆಟ್‌ನ 50,000 ಪರೀಕ್ಷಾ ಚಿತ್ರಗಳ ಮೇಲೆ ಬಂದವು ಇವು:

| ರೆಸ್‌ನೆಟ್-50 | 32 ಬಿಟ್ | 8 ಬಿಟ್ | ಹೆಚ್ಚಾದ ತಪ್ಪು |
|---|---|---|---|
| ಹಳೆಯ ತೂಕಗಳು | ಶೇ. 76.130 | ಶೇ. 75.920 | 105 ಚಿತ್ರ |
| ಹೊಸ ತೂಕಗಳು | ಶೇ. 80.858 | ಶೇ. 80.282 | 288 ಚಿತ್ರ |

ಒಂದೇ ವಿನ್ಯಾಸ, ಆದರೂ ಹೆಚ್ಚು ಪಳಗಿದ ತೂಕಗಳೇ ಎರಡೂವರೆ ಪಟ್ಟಿಗಿಂತ ಹೆಚ್ಚು ಕಳೆದುಕೊಂಡಿವೆ. ‘ಎಂಟು ಬಿಟ್‌ಗೆ ಇಷ್ಟೇ ನಷ್ಟ’ ಎಂಬ ಸಿದ್ಧ ಅಂಕಿ ಇಲ್ಲ, ನಮ್ಮ ಮಾದರಿಯದನ್ನು ನಾವೇ ಅಳೆಯಬೇಕು.

ಪದರಗಳ ನಡುವೆ ಹರಿಯುವ ಅಂಕಿಗಳು ಎಲ್ಲಿಂದ ಎಲ್ಲಿಗೆ ಹರಡಿವೆ ಎಂದು ತಿಳಿಯಲು ಕೆಲವು ನೂರು ಚಿತ್ರಗಳನ್ನು ಓಡಿಸಿ ನೋಡಬೇಕು. ಇವು ಅದೇ ಯಂತ್ರದ, ಅದೇ ಬೆಳಕಿನ ಚಿತ್ರಗಳಾಗಿರಬೇಕು. ಪರೀಕ್ಷೆಗೂ ಇದೇ ನಿಯಮ. ಕನ್ನಡದ್ದೇ ಒಂದು ನಿದರ್ಶನ ಇದೆ: ವಿನಯ್ ಪ್ರಭು 2019ರಲ್ಲಿ ಹೊರತಂದ ಕನ್ನಡ-ಎಂನಿಸ್ಟ್. ಬೆಂಗಳೂರಿನಲ್ಲಿ ಸ್ವಯಂಸೇವಕರಿಂದ ಬರೆಸಿದ ಕನ್ನಡ ಅಂಕಿಗಳ 60,000 ಕಲಿಕೆಯ ಚಿತ್ರ, 10,000 ಪರೀಕ್ಷೆಯ ಚಿತ್ರ ಅದರಲ್ಲಿವೆ. ಕನ್ನಡ ಲಿಪಿಯ ಬಳಕೆ ಇಲ್ಲದವರಿಂದ ಬರೆಸಿದ 10,240 ಚಿತ್ರಗಳನ್ನು ಅವರು ಬೇರೆಯಾಗಿಟ್ಟರು. ಮೊದಲ ಪರೀಕ್ಷೆಯಲ್ಲಿ ಶೇ. 97ರ ಆಸುಪಾಸು ಪಡೆದ ಮಾದರಿ ಎರಡನೆಯದರಲ್ಲಿ ಶೇ. 76ರ ಆಸುಪಾಸಿಗೆ ಇಳಿಯಿತು. ಚಿತ್ರ ಬಂದ ಮೂಲ ಬದಲಾದದ್ದಕ್ಕೇ ಇಪ್ಪತ್ತು ಅಂಶ ಹೋಯಿತು. ಅದರ ಮುಂದೆ ಎಂಟು ಬಿಟ್‌ನ ನಷ್ಟ ಚಿಲ್ಲರೆ.

64,770 ಮತ್ತು 32,767

ಹಳೆಯ ಕಂಪ್ಯೂಟರಿನಲ್ಲಿ ಕಾಡುವ ನಿಜವಾದ ತೊಂದರೆ ಬೇರೆ. ಎವಿಎಕ್ಸ್2 ಚಿಪ್ 8 ಬಿಟ್‌ನ ಎರಡೆರಡು ಗುಣಲಬ್ಧಗಳನ್ನು ಕೂಡಿ 16 ಬಿಟ್‌ನ ಜಾಗದಲ್ಲಿ ಇಡುತ್ತದೆ. ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ 32,767. ಚಿತ್ರದ ಕಡೆಯ ಗರಿಷ್ಠ 255, ತೂಕದ ಗರಿಷ್ಠ 127; ಗುಣಿಸಿ ಎರಡನ್ನು ಕೂಡಿದರೆ 64,770. ಹಿಡಿಸದ ಭಾಗ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ವಿಎನ್‌ಎನ್‌ಐ ಎಂಬ ಸೌಲಭ್ಯವುಳ್ಳ ಚಿಪ್‌ಗಳು ನೇರವಾಗಿ 32 ಬಿಟ್‌ನಲ್ಲಿ ಕೂಡುವುದರಿಂದ ಅಲ್ಲಿ ಈ ಕಾಟವಿಲ್ಲ. ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಅದು ಬಂದದ್ದು 2021ರ 11ನೇ ಪೀಳಿಗೆಯಲ್ಲಿ. ಹೀಗಾಗಿ ಎಂಜಿನಿಯರ್‌ನ ಹೊಸ ಲ್ಯಾಪ್‌ಟಾಪಿನಲ್ಲಿ ಪಾಸಾದ ಕಡತವೇ ಶೆಡ್ಡಿನ 8ನೇ ಪೀಳಿಗೆಯ ಪೆಟ್ಟಿಗೆಯಲ್ಲಿ ಫೇಲಾಗಬಹುದು.

ಪರಿಹಾರ ತೂಕಗಳನ್ನು 7 ಬಿಟ್‌ಗೆ ಇಳಿಸುವುದು. ಆಗ ಗರಿಷ್ಠ 64. 255×64×2 ಎಂದರೆ 32,640. ಮಿತಿಗಿಂತ 127 ಕಡಿಮೆ. ಆನಿಕ್ಸ್ ರನ್‌ಟೈಮಿನಲ್ಲಿ ಇದಕ್ಕೆ `reduce_range` ಎಂಬ ಗುಂಡಿಯಿದೆ; `reader` ಎಂಬುದು ಮೇಲೆ ಹೇಳಿದ ಕೆಲವು ನೂರು ಚಿತ್ರಗಳನ್ನು ಒದಗಿಸುವ ಭಾಗ:

```python
quantize_static("washer.onnx", "washer_int8.onnx", reader,
    activation_type=QuantType.QUInt8, weight_type=QuantType.QInt8,
    per_channel=True, reduce_range=True)
```

ಕತ್ತರಿ ಬಿದ್ದಿದೆಯೇ ಎಂದು ತಿಳಿಯಲು ಅದೇ 8 ಬಿಟ್ ಕಡತವನ್ನು ಅದೇ 1,000 ಚಿತ್ರಗಳ ಮೇಲೆ ಎರಡೂ ಕಂಪ್ಯೂಟರುಗಳಲ್ಲಿ ಓಡಿಸಿ. ಉತ್ತರಗಳು ಹತ್ತಿರ ಹತ್ತಿರ ಇರಬೇಕು. ತೀರ್ಪುಗಳೇ ಬದಲಾಗುತ್ತಿದ್ದರೆ ಕಾರಣ ಇದೇ ಇರಬಹುದು.

ವೇಗದ ಲಾಭವೂ ಚಿಪ್ಪಿನ ಮೇಲೆ ನಿಂತಿದೆ. 32 ಗುಣಲಬ್ಧಗಳಿಗೆ 32 ಬಿಟ್ ಲೆಕ್ಕದಲ್ಲಿ ನಾಲ್ಕು ಆದೇಶ ಬೇಕು. ಎವಿಎಕ್ಸ್2ರಲ್ಲಿ 8 ಬಿಟ್‌ಗೆ ಮೂರು, ವಿಎನ್‌ಎನ್‌ಐನಲ್ಲಿ ಒಂದೇ. ಆದೇಶಗಳ ಎಣಿಕೆಯನ್ನೇ ಹಿಡಿದು ಲೆಕ್ಕ ಹಾಕಿದರೆ ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಚಿತ್ರಕ್ಕೆ 43 ಇದ್ದದ್ದು 32ಕ್ಕೆ, ಬಿಲ್ಲೆಗೆ 86 ಇದ್ದದ್ದು 64ಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ವೇಗವಲ್ಲ, ಆದರೆ ಉಳಿಕೆ 14ರಿಂದ 36 ಮಿಲಿಸೆಕೆಂಡಿಗೆ ಏರಿತು.

300 ಕೆಟ್ಟ ಬಿಲ್ಲೆ ಏಕೆ ಬೇಕು

ಈಗ ತಪಾಸಣೆ. 1,000 ಬಿಲ್ಲೆಗಳ ಪರೀಕ್ಷೆಯಲ್ಲಿ ನಿಖರತೆ ಶೇ. 98.5ರಿಂದ 98.3ಕ್ಕೆ ಇಳಿದರೆ ವ್ಯತ್ಯಾಸ ಎರಡೇ ಬಿಲ್ಲೆ. ಆದರೆ ಆ ಸಾವಿರದಲ್ಲಿ ಕೆಟ್ಟವು ಇರುವುದೇ 10. ಎರಡೂ ಅದರಲ್ಲೇ ತಪ್ಪಿಸಿಕೊಂಡಿದ್ದರೆ ಐದರಲ್ಲಿ ಒಂದು ದೋಷ ಗಿರಾಕಿಯ ಕೈ ಸೇರುತ್ತದೆ. ಒಟ್ಟು ನಿಖರತೆ ಇದನ್ನು ಮುಚ್ಚಿಡುತ್ತದೆ, ಕೆಟ್ಟವನ್ನು ಬೇರೆಯಾಗಿಯೇ ಎಣಿಸಬೇಕು.

ಎಣಿಸಿದರೂ ಸಂಖ್ಯೆ ಸಾಲದು. ಕೆಟ್ಟ ಬಿಲ್ಲೆಗಳಲ್ಲಿ ಒಂದೂ ತಪ್ಪದಿದ್ದರೂ, ನಿಜವಾದ ತಪ್ಪಿನ ಪ್ರಮಾಣ ‘ಮೂರು ಭಾಗಿಸು ಪರೀಕ್ಷಿಸಿದ ಸಂಖ್ಯೆ’ವರೆಗೂ ಇರಬಹುದು ಎಂಬುದು ಶೇ. 95ರ ಭರವಸೆಯ ನಿಯಮ. 50 ನೋಡಿದರೆ ಶೇ. 6ರವರೆಗೆ. ಶೇ. 1ರೊಳಗೆ ಎನ್ನಲು 300 ಬೇಕು. ನೂರಕ್ಕೊಂದು ಕೆಟ್ಟದ್ದಾದರೆ 300ಕ್ಕಾಗಿ 30,000 ಬಿಲ್ಲೆ. ಯಂತ್ರಕ್ಕೆ ಅದು 50 ನಿಮಿಷ. ಮನುಷ್ಯರಿಗೆ, ಬಿಲ್ಲೆಗೆ 5 ಸೆಕೆಂಡಿನಂತೆ, 41 ಗಂಟೆ 40 ನಿಮಿಷ. ಗಂಟೆಗೆ ₹150 ಕೂಲಿ ಹಿಡಿದರೆ ₹6,250.

ಆದರೆ ಈಗಿನ ಪ್ರಶ್ನೆ ಮಾದರಿ ಒಳ್ಳೆಯದೇ ಎಂಬುದಲ್ಲ, 32 ಬಿಟ್‌ಗಿಂತ 8 ಬಿಟ್ ಕೆಟ್ಟಿದೆಯೇ ಎಂಬುದು. ಎರಡೂ ಒಂದೇ ಮಾತು ಹೇಳಿದ ಬಿಲ್ಲೆ ಈ ಪ್ರಶ್ನೆಗೆ ಏನನ್ನೂ ಸೇರಿಸುವುದಿಲ್ಲ. ಎರಡೂ ತಪ್ಪಿದ್ದರೆ ಅದು ಹಳೆಯ ತಪ್ಪು. ಹಾಗಾಗಿ ಎರಡೂ ಕಡತಗಳನ್ನು 30,000 ಬಿಲ್ಲೆಗಳ ಮೇಲೆ ಓಡಿಸಿ, ಭಿನ್ನಮತ ಬಂದವನ್ನಷ್ಟೇ ತಪಾಸಣೆಗಾರರ ಮುಂದಿಡಬೇಕು. ಸಾವಿರಕ್ಕೆ ಐದರಲ್ಲಿ ಭಿನ್ನಮತ ಬಂತೆನ್ನಿ: 150 ಬಿಲ್ಲೆ, 750 ಸೆಕೆಂಡ್, ₹31.

ಆ 150ರಲ್ಲಿ ನಿಜವಾಗಿ ಕೆಟ್ಟವು 12 ಸಿಕ್ಕವು ಎನ್ನೋಣ. 9ನ್ನು 8 ಬಿಟ್ ಮಾತ್ರ ಬಿಟ್ಟಿದೆ, 3ನ್ನು 32 ಬಿಟ್ ಮಾತ್ರ ಬಿಟ್ಟಿದೆ. ನಾಣ್ಯವನ್ನು 12 ಸಲ ಚಿಮ್ಮಿದರೂ 9–3 ಅಥವಾ ಅದಕ್ಕಿಂತ ಓರೆಯಾದ ಫಲ ನೂರಕ್ಕೆ ಸುಮಾರು 15 ಸಲ ಬರುತ್ತದೆ. ಇದರಿಂದ ತೀರ್ಮಾನವಿಲ್ಲ, ಇನ್ನೊಂದು 50 ನಿಮಿಷದ ಚಿತ್ರ ಸೇರಿಸಬೇಕು. ಫಲ 10–2 ಆಗಿದ್ದರೆ ಅಂಥದ್ದು ನೂರಕ್ಕೆ 4 ಸಲ ಮಾತ್ರ. 8 ಬಿಟ್ ಕೆಟ್ಟಿದೆ ಎಂದೇ ಹಿಡಿದು, ಮೊದಲ ಮತ್ತು ಕೊನೆಯ ಪದರವನ್ನು 32 ಬಿಟ್‌ನಲ್ಲೇ ಉಳಿಸಿ ಮತ್ತೆ ಅಳೆಯಬೇಕು.

ಈ ಅಗ್ಗದ ದಾರಿಗೆ ಒಂದು ಷರತ್ತಿದೆ. 32 ಬಿಟ್ ಮಾದರಿಯನ್ನೇ ಒಮ್ಮೆ 300 ಕೆಟ್ಟ ಬಿಲ್ಲೆಗಳ ಮೇಲೆ ಪೂರ್ತಿ ಪರೀಕ್ಷಿಸಿರಬೇಕು. ₹6,250ರ ಆ ಖರ್ಚು ತರಬೇತಿಯ ಬಾಬತ್ತು, ಒಂದೇ ಸಲದ್ದು. ಆಮೇಲೆ ಕಡತ ಬದಲಾದಾಗ, ಕಂಪ್ಯೂಟರ್ ಬದಲಾದಾಗ, ರನ್‌ಟೈಮ್‌ನ ಹೊಸ ಆವೃತ್ತಿ ಹಾಕಿದಾಗ ಬೀಳುವುದು ಪ್ರತಿ ಸಲ ₹31 ಮತ್ತು 50 ನಿಮಿಷದ ಚಿತ್ರ. ಅದನ್ನು ಓಡಿಸಬೇಕಾದದ್ದು ಲ್ಯಾಪ್‌ಟಾಪಿನಲ್ಲಲ್ಲ, ಬಿಲ್ಲೆ ವಿಂಗಡಿಸುವ ಕಂಪ್ಯೂಟರಿನಲ್ಲೇ.