ಗಾಜುವಾಕದ ಹದಿನಾಲ್ಕು ಚಿಕಾಗೊದಲ್ಲಿ ಏಳಾದದ್ದು

ಚಿಕ್ಕಪ್ಪ ಬಳ್ಳಾರಿಯಿಂದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಕೆಲಸಕ್ಕೆ ಹೋದವರು, ನಿವೃತ್ತಿಯಾದ ಮೇಲೂ ಗಾಜುವಾಕದಲ್ಲೇ ಉಳಿದರು. ಕಳೆದ ವರ್ಷ ಅವರ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ಚಿಕಾಗೊದಲ್ಲಿದ್ದಾನೆ, ಉಂಗುರವನ್ನು ಅಲ್ಲೇ ಕೊಂಡು ತರುತ್ತೇನೆ, ಬೆರಳಿನ ಸೈಜ್ ಕಳಿಸಿ ಎಂದ. ಚಿಕ್ಕಮ್ಮ ಹೂ ಕಟ್ಟುವ ದಾರವನ್ನು ತಂಗಿಯ ಉಂಗುರ ಬೆರಳಿಗೆ ಒಂದು ಸುತ್ತು ಹಾಕಿ, ಕತ್ತರಿಸಿ, ಸ್ಕೇಲಿನ ಮೇಲಿಟ್ಟರು. 55.5 ಮಿಲಿಮೀಟರ್ ಬಂತು. ಮರುದಿನ ಸಂಜೆ ಹಳೆ ಗಾಜುವಾಕದ ಒಂದು ಚಿನ್ನದಂಗಡಿಯಲ್ಲಿ ಅಕ್ಕಸಾಲಿಗರು ಅಳತೆ ಉಂಗುರಗಳ ಗೊಂಚಲು ತೆಗೆದು, ಎರಡು ಮೂರನ್ನು ಹಾಕಿ ನೋಡಿ, ‘ಪದ್ನಾಲುಗು’ ಎಂದರು.

ಹುಡುಗನ ಬಳಿಯಿದ್ದ ಪಟ್ಟಿಯ ಪ್ರಕಾರ 55.5 ಅಂದರೆ ಅಮೆರಿಕದ ಏಳೂವರೆ. ಇಲ್ಲಿಯ ಹದಿನಾಲ್ಕು ಅಂದರೆ ಅಲ್ಲಿಯ ಏಳು. ಯಾವುದನ್ನು ಕೊಳ್ಳಲಿ ಎಂದು ಅವನು ಕೇಳಿದಾಗ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾನು ಆ ಹದಿನಾಲ್ಕರ ಬೆನ್ನು ಹತ್ತಿದ್ದು ಹಾಗೆ.

ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸೈಜಿನ ಗುಟ್ಟು ತುಂಬ ಸರಳ. ಉಂಗುರದ ಒಳಸುತ್ತಿನ ಅಳತೆಯಲ್ಲಿ 40 ಮಿಲಿಮೀಟರ್ ಕಳೆದರೆ ಉಳಿಯುವುದೇ ಸೈಜ್, ಹೆಚ್ಚುಕಡಿಮೆ. 54ರಲ್ಲಿ 40 ಹೋದರೆ 14. ಇಟಲಿಯಲ್ಲೂ ಇದೇ ಲೆಕ್ಕ. ದೊಡ್ಡವರ ಬೆರಳಿಗೆ 40ಕ್ಕಿಂತ ಕಡಿಮೆ ಸುತ್ತು ಅಪರೂಪವಾದ್ದರಿಂದ ಎಣಿಕೆ ಅಲ್ಲಿಂದಲೇ ಶುರುವಾದರೆ ಅನುಕೂಲ. ಅಕ್ಕಸಾಲಿಗರು ಹೇಳಿದ ಹದಿನಾಲ್ಕರೊಳಗೆ ಮಿಲಿಮೀಟರ್ ಅಡಗಿ ಕೂತಿತ್ತು.

ಬ್ರಿಟನ್ನಿನವರು ಅಂಕಿ ಬಿಟ್ಟು ಅಕ್ಷರ ಹಿಡಿದರು. 1945ರಲ್ಲಿ ಅಲ್ಲಿಯ ಕ್ರಮ ನಿಗದಿಯಾದಾಗ ಒಂದು ಅಕ್ಷರಕ್ಕೂ ಮುಂದಿನದಕ್ಕೂ ನಡುವೆ ಇದ್ದ ಅಂತರ ಉಂಗುರದ ಒಳವ್ಯಾಸದಲ್ಲಿ ಒಂದು ಇಂಚಿನ 64ನೇ ಒಂದು ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್. 1987ರಲ್ಲಿ ಬಿಎಸ್ 6820 ಎಂಬ ಮಾನಕ ಬಂದಾಗ ವ್ಯಾಸವನ್ನೂ ಇಂಚನ್ನೂ ಕೈಬಿಟ್ಟು ಒಳಸುತ್ತಿನ ಮಿಲಿಮೀಟರಿಗೆ ತಿರುಗಿದರು. ಸಿ ಅಕ್ಷರಕ್ಕೆ 40 ಮಿಲಿಮೀಟರ್, ಅಲ್ಲಿಂದ ಒಂದೊಂದು ಅಕ್ಷರಕ್ಕೆ 1.25. ಹಳೆಯ ಹೆಜ್ಜೆಯನ್ನು ಸುತ್ತಿಗೆ ಬದಲಾಯಿಸಿದರೆ 1.247 ಬರುತ್ತದೆ. ಹಾಗಾಗಿ ಜನರ ಬೆರಳಲ್ಲಿದ್ದ ಅಕ್ಷರಗಳು ಅಲುಗಾಡಲಿಲ್ಲ, ಕೆಳಗಿನ ನೆಲ ಮಾತ್ರ ಬದಲಾಯಿತು. ಈ ಜಾಣತನ ನನಗೆ ಬಹಳ ಇಷ್ಟವಾಯಿತು.

ನಮ್ಮ ಸೊನ್ನೆಯೂ ಅವರ ಸಿ ಕೂಡ 40ರಲ್ಲೇ ನಿಂತಿರುವುದರಿಂದ ಇಲ್ಲಿಂದ ಅಲ್ಲಿಗೆ ಹೋಗುವುದು ಒಂದೇ ಭಾಗಾಕಾರದ ದಾರಿ. ತಂಗಿಯ 14ನ್ನು 1.25ರಿಂದ ಭಾಗಿಸಿದರೆ 11.2. ಸಿ ಆದ ಮೇಲೆ ಹನ್ನೊಂದು ಅಕ್ಷರ ಎಣಿಸಿದರೆ ಎನ್. ಎನ್ ಅಂದರೆ 53.75, ಎನ್ ಅರ್ಧ ಅಂದರೆ 54.4ರ ಹತ್ತಿರ. ಅವಳ ಬೆರಳು ಇವೆರಡರ ನಡುವೆ ಬೀಳುತ್ತದೆ.

ಅಮೆರಿಕದ ಲೆಕ್ಕ ಇಂಚಿನಲ್ಲೇ ಉಳಿದಿದೆ. ಅಲ್ಲಿಯ ಸೊನ್ನೆ ಸೈಜಿನ ಒಳವ್ಯಾಸ 0.458 ಇಂಚು, ಒಂದೊಂದು ಸೈಜಿಗೆ 0.032 ಇಂಚು ಹೆಚ್ಚು. ಸುತ್ತಿನಲ್ಲಿ ಹೇಳುವುದಾದರೆ 36.5 ಮಿಲಿಮೀಟರಿನಿಂದ ಶುರುವಾಗಿ 2.55ರ ಹೆಜ್ಜೆ. ತಂಗಿಯ 54ರಲ್ಲಿ 36.5 ಕಳೆದರೆ 17.5, ಅದನ್ನು 2.55ರಿಂದ ಭಾಗಿಸಿದರೆ 6.86. ಅಲ್ಲಿ ಕಾಲು ಸೈಜುಗಳೂ ಇವೆ. ಆರೂಮುಕ್ಕಾಲು ಅಂದರೆ 53.7, ಏಳು ಅಂದರೆ 54.35. ನಡುವೆ ಸಿಕ್ಕಿಕೊಂಡಾಗ ಮೇಲಿನದನ್ನು ಹಿಡಿಯುವುದೇ ಕ್ಷೇಮ, ಏಕೆಂದರೆ ಉಂಗುರ ಬೆರಳಿನ ಬುಡ ಸೇರುವ ಮೊದಲು ಗಂಟನ್ನು ದಾಟಬೇಕು.

ಅಮೆರಿಕದ ಒಂದು ಹೆಜ್ಜೆ ಬ್ರಿಟನ್ನಿನ ಎರಡು ಹೆಜ್ಜೆಗೆ ಸಮ ಎಂದು ಹಲವರು ನಂಬುತ್ತಾರೆ. ಎರಡು ಅಕ್ಷರ ಅಂದರೆ 2.5, ಒಂದು ಅಂಕಿ ಅಂದರೆ 2.55. ಮೂರರಿಂದ ಹನ್ನೊಂದರವರೆಗೆ ಹೋಗುವಷ್ಟರಲ್ಲಿ ಈ ಚೂರುಗಳು ಸೇರಿ 0.4 ಮಿಲಿಮೀಟರ್ ಆಗುತ್ತವೆ. ಏಳಕ್ಕೆ ಎದುರಾಗಿ ಒಂದು ಪಟ್ಟಿಯಲ್ಲಿ ಎನ್ ಅರ್ಧ, ಇನ್ನೊಂದರಲ್ಲಿ ಓ ಕಂಡರೆ ಪಟ್ಟಿಯಲ್ಲಿ ಮಿಲಿಮೀಟರ್ ಕಾಲಂ ಇದೆಯೇ ನೋಡಿ, ಮೇಲಿನ ಭಾಗಾಕಾರ ನೀವೇ ಮಾಡಿ. ಓ ಅಂದರೆ 55, ಏಳಕ್ಕಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಸಡಿಲ.

ಜಪಾನಿನದೂ ನಮ್ಮದೂ ಒಂದೇ ಎಂದು ಕೆಲವು ಪಟ್ಟಿಗಳು ಎರಡನ್ನೂ ಒಂದೇ ಕಾಲಂನಲ್ಲಿ ಹಾಕುತ್ತವೆ. ಅಲ್ಲಿ ಒಂದನೇ ಸೈಜಿಗೆ 13 ಮಿಲಿಮೀಟರ್ ವ್ಯಾಸ, ಆಮೇಲೆ ಒಂದೊಂದಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗ. ಸುತ್ತಿನಲ್ಲಿ ಆ ಹೆಜ್ಜೆ 1.05 ಆಗುತ್ತದೆ, ನಮ್ಮದು 1. ಸಣ್ಣ ಬೆರಳಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಗಂಡಸರ 25ಕ್ಕೆ ಹೋದಾಗ ಸುಮಾರು ಒಂದು ಮಿಲಿಮೀಟರ್ ಜಾರಿರುತ್ತದೆ.

ಈ ಗೊಂದಲ ತಪ್ಪಿಸಲೆಂದೇ 1986ರಲ್ಲಿ ಐಎಸ್‌ಒ 8653 ಎಂಬ ಅಂತರರಾಷ್ಟ್ರೀಯ ಮಾನಕ ಬಂತು, 2016ರಲ್ಲಿ ಪರಿಷ್ಕಾರವಾಯಿತು. ಅದರಲ್ಲಿ ಸೈಜ್ ಎಂದರೆ ಉಂಗುರದ ಒಳಸುತ್ತಿನ ಮಿಲಿಮೀಟರ್, ಅಷ್ಟೇ. ಅಂಗಡಿಗಳು ಮಾತ್ರ ತಮ್ಮ ಹಳೆಯ ಕಡ್ಡಿ ಮತ್ತು ಗೊಂಚಲುಗಳನ್ನು ಬಿಟ್ಟಿಲ್ಲ.

ಇಷ್ಟಾದರೂ ಚಿಕ್ಕಮ್ಮನ 55.5ರ ಒಗಟು ಹಾಗೇ ಇತ್ತು. ತಪ್ಪು ಪಟ್ಟಿಯದಲ್ಲ, ದಾರದ್ದು. ಬೆರಳಿಗೆ ಸುತ್ತಿದ ದಾರದ ಉದ್ದ ಚರ್ಮದ ಸುತ್ತಿನಷ್ಟೇ ಇರುವುದಿಲ್ಲ. ದಾರದ ನಡುಗೆರೆ ಚರ್ಮದಿಂದ ಅರ್ಧ ದಪ್ಪದಷ್ಟು ಹೊರಗೆ ಓಡುತ್ತದೆ. ಆದ್ದರಿಂದ ವ್ಯಾಸಕ್ಕೆ ದಾರದ ಇಡೀ ದಪ್ಪ ಸೇರುತ್ತದೆ, ಸುತ್ತಿಗೆ ಅದರ 3.14 ಪಟ್ಟು. ಹೂವಿನ ದಾರ ಅರ್ಧ ಮಿಲಿಮೀಟರ್ ದಪ್ಪವಿದ್ದರೆ 1.57 ಮಿಲಿಮೀಟರ್ ಸುಮ್ಮನೆ ಹೆಚ್ಚಾಗುತ್ತದೆ. ಅಮೆರಿಕದ ಅರ್ಧ ಸೈಜಿಗಿಂತ ಇದು ಹೆಚ್ಚು. ದಾರ ಬಿಗಿದರೆ ಮಾಂಸ ಒಳಗೆ ಒತ್ತಿ ಅಳತೆ ಇನ್ನೊಂದು ಕಡೆಗೆ ವಾಲುತ್ತದೆ. ಆ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ನಂಬಿ ಕೂರುವಂತಿಲ್ಲ.

ಫೋನಿನಲ್ಲಿ ತಂಗಿಗೆ ಹೀಗೆ ಹೇಳಿದೆ: ‘ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸು. ಬೆರಳಿನ ಬುಡಕ್ಕೆ ಸುತ್ತು, ತುದಿ ಮೇಲೆ ಬರುವಲ್ಲಿ ಪೆನ್ನಿನಿಂದ ಗೆರೆ ಎಳೆ. ಸಂಜೆ ಹೊತ್ತು ಮಾಡು.’

‘ಸಂಜೆ ಯಾಕಕ್ಕಾ?’

ವಿಶಾಖಪಟ್ಟಣದಂಥ ಕಡಲತೀರದ ಸೆಖೆಯಲ್ಲಿ ಬೆರಳು ಹೊತ್ತು ಕಳೆದಂತೆ ಊದುತ್ತದೆ, ಚಿಕಾಗೊದ ಚಳಿಯಲ್ಲಿ ಕುಗ್ಗುತ್ತದೆ. ಉಂಗುರ ತೊಡುವ ದಿನ ಬೆರಳು ಇಲ್ಲಿಯದು. ಸಂಜೆ, ಸ್ನಾನವಾಗಿ ಒಂದು ಗಂಟೆ ಕಳೆದ ಮೇಲೆ ಅಳೆದರೆ ಇಲ್ಲಿಯ ನಿಜ ಸಿಗುತ್ತದೆ. ಮೂರು ಸಂಜೆ ಅಳೆದಳು, ಮೂರು ಬಾರಿಯೂ 54.3ರ ಆಚೀಚೆ ಬಂತು. ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಅದರ ಪಾಲು 0.3 ಕಳೆದರೆ 54. ಅಕ್ಕಸಾಲಿಗರ ಹದಿನಾಲ್ಕಕ್ಕೆ ಸರಿಯಾಗಿ ಹೊಂದಿತು.

ಇನ್ನೊಂದು ವಿಷಯ ಮಾತ್ರ ಉಳಿದಿತ್ತು. ಅಗಲವಾದ ಪಟ್ಟಿಯ ಉಂಗುರ ಹೆಚ್ಚು ಚರ್ಮವನ್ನು ಒತ್ತುವುದರಿಂದ, ಆರೇಳು ಮಿಲಿಮೀಟರಿನದಾದರೆ ಅರ್ಧ ಸೈಜ್ ಹೆಚ್ಚು ಹಾಕುವುದು ರೂಢಿ. ಹುಡುಗ ನೋಡಿದ್ದ ಉಂಗುರ ಎರಡೂವರೆ ಮಿಲಿಮೀಟರಿನದು, ಆ ಚಿಂತೆ ಇರಲಿಲ್ಲ.

ಅವನಿಗೆ ‘7’ ಎಂದಷ್ಟೇ ಬರೆಯಲಿಲ್ಲ. ‘ಒಳಸುತ್ತು 54 ಮಿಮೀ, ಉಂಗುರದ ಅಗಲ 2.5 ಮಿಮೀ, ನಿಮ್ಮಲ್ಲಿ ಏಳರ ಹತ್ತಿರ’ ಎಂದು ಬರೆದೆವು. ಅಂಗಡಿಯವರು ಕ್ಯಾಲಿಪರ್ ಹಿಡಿದು ಒಳವ್ಯಾಸ ನೋಡಿದರಂತೆ, 17.3 ಮಿಲಿಮೀಟರ್. ಅದನ್ನು 3.14ರಿಂದ ಗುಣಿಸಿ ನೋಡಿದೆ, 54.3. ನಿಶ್ಚಿತಾರ್ಥದ ದಿನ ಉಂಗುರ ಗಂಟಿನ ಬಳಿ ಒಂದು ಕ್ಷಣ ನಿಂತು, ಸ್ವಲ್ಪ ತಿರುಗಿಸಿದಾಗ ಬುಡಕ್ಕೆ ಹೋಗಿ ಕೂತಿತು.