ಕೋರಿಕೆಯ ಸ್ಥಾನ ಮತ್ತು ವಿನಯದ ಸ್ಥಾನ: ಕನ್ನಡ ಮಿಂಚಂಚೆಯನ್ನು ಸಂಕ್ಷೇಪಿಸುವ ಬಗೆ

ಸಾರಾಂಶ: ಔಪಚಾರಿಕ ಕನ್ನಡ ಮಿಂಚಂಚೆಗಳಲ್ಲಿ ಕೋರಿಕೆಯು ದೀರ್ಘವಾಕ್ಯದ ಕೊನೆಗೆ ಸರಿದು ಅಸ್ಪಷ್ಟವಾಗುವುದುಂಟು. ಇದಕ್ಕೆ ಬರೆಯುವವರ ವಿನಯವಷ್ಟೇ ಕಾರಣವಲ್ಲ. ಕನ್ನಡ ವಾಕ್ಯರಚನೆ ಮತ್ತು ಕಚೇರಿಯ ಪತ್ರಸೂತ್ರಗಳೂ ಕಾರಣ. ಕನ್ನಡದಲ್ಲಿ ವಿನಯವು ಸರ್ವನಾಮ, ಕ್ರಿಯಾರೂಪ ಮತ್ತು ನಿರಾಕರಣೆಗೆ ನೀಡುವ ಅವಕಾಶ ಎಂಬ ಕೆಲವೇ ಸ್ಥಾನಗಳಲ್ಲಿ ನೆಲೆಸಿರುವುದರಿಂದ, ಆ ಸ್ಥಾನಗಳನ್ನು ಉಳಿಸಿಕೊಂಡು ಉಳಿದುದನ್ನು ಕಳೆಯಬಹುದೆಂಬುದನ್ನು ಒಂದು ಉದಾಹರಣೆಯ ಮೂಲಕ ಪ್ರಸ್ತುತ ಲೇಖನವು ವಿವರಿಸುತ್ತದೆ.

1. ಉದಾಹರಣೆ

ವಿಶ್ಲೇಷಣೆಯ ಅನುಕೂಲಕ್ಕಾಗಿ ರಚಿಸಿಕೊಂಡ ಮಿಂಚಂಚೆಯೊಂದನ್ನು ಇಲ್ಲಿ ಕೊಡಲಾಗಿದೆ. ಸಂಶೋಧನ ವಿದ್ಯಾರ್ಥಿನಿಯೊಬ್ಬರು ತಮ್ಮ ಮಾರ್ಗದರ್ಶಕರಿಗೆ ಇದನ್ನು ಬರೆದಿದ್ದಾರೆಂದು ಭಾವಿಸೋಣ. ಇದರ ಒಂದೊಂದು ಪದಗುಚ್ಛವೂ ವಿಶ್ವವಿದ್ಯಾಲಯಗಳ ಪತ್ರವ್ಯವಹಾರದಲ್ಲಿ ಬಳಕೆಯಲ್ಲಿರುವಂಥದ್ದೇ.

ವಿಷಯ: ತಮ್ಮ ಅವಗಾಹನೆಗಾಗಿ

(1) ಪರಮಪೂಜ್ಯ ಗುರುಗಳಾದ ತಮ್ಮ ಪಾದಾರವಿಂದಗಳಿಗೆ ತಮ್ಮ ವಿದ್ಯಾರ್ಥಿನಿಯು ಮಾಡುವ ಅನಂತ ಪ್ರಣಾಮಗಳು. (2) ತಾವು ಕುಶಲವಾಗಿರುವಿರೆಂದು ಭಾವಿಸುತ್ತೇನೆ. (3) ತಮ್ಮ ಅಮೂಲ್ಯವಾದ ಸಮಯವನ್ನು ವ್ಯರ್ಥಮಾಡುತ್ತಿರುವುದಕ್ಕಾಗಿ ಮೊದಲಿಗೆ ಕ್ಷಮೆಯನ್ನು ಕೋರುತ್ತೇನೆ. (4) ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಘನ ಮಾರ್ಗದರ್ಶನದಲ್ಲಿ ಕಳೆದ ಎರಡು ವರ್ಷಗಳಿಂದ ಸಂಶೋಧನೆಯನ್ನು ಕೈಗೊಂಡಿದ್ದು, ಸದರಿ ಸಂಶೋಧನೆಯ ಅಂಗವಾಗಿ ಕ್ಷೇತ್ರಕಾರ್ಯವನ್ನು ನಡೆಸಬೇಕಾಗಿರುವುದರಿಂದ, ಕ್ಷೇತ್ರಕಾರ್ಯದ ಧನಸಹಾಯಕ್ಕೆ ಅರ್ಜಿಯನ್ನು ಸಿದ್ಧಪಡಿಸಿಕೊಂಡಿದ್ದು, ಸದರಿ ಅರ್ಜಿಯೊಂದಿಗೆ ಶಿಫಾರಸು ಪತ್ರವನ್ನು ಲಗತ್ತಿಸಬೇಕೆಂಬ ನಿಯಮವಿರುವುದರಿಂದ ಹಾಗೂ ಅರ್ಜಿ ಸಲ್ಲಿಸಲು ಇದೇ ತಿಂಗಳ 20 ಕೊನೆಯ ದಿನವಾಗಿರುವುದರಿಂದ, ತಾವು ದಯಮಾಡಿ ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ. (5) ತಮ್ಮ ಆಶೀರ್ವಾದ ಸದಾ ನನ್ನ ಮೇಲಿರಲಿ. (6) ತಮ್ಮ ಈ ಉಪಕಾರವನ್ನು ನಾನು ಜನ್ಮಪರ್ಯಂತ ಮರೆಯಲಾರೆ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ

ಇದನ್ನು ಓದಿದ ಮಾರ್ಗದರ್ಶಕರು ‘ಶುಭವಾಗಲಿ’ ಎಂದು ಉತ್ತರಿಸಿ ಸುಮ್ಮನಾದರೆ ಅವರನ್ನು ದೂರುವಂತಿಲ್ಲ. ಆಶೀರ್ವಾದವನ್ನು ಕೇಳಿದ ವಾಕ್ಯ ಸ್ಪಷ್ಟವಾಗಿದೆ. ಪತ್ರವನ್ನು ಕೇಳಿದ ವಾಕ್ಯ ಎಲ್ಲಿಯೂ ಇಲ್ಲ. ಶಿಫಾರಸು ಪತ್ರ ಬೇಕೆಂಬುದು ನಿಯಮದ ವಿವರಣೆಯಾಗಿ ಬಂದಿದೆಯೇ ಹೊರತು ಕೋರಿಕೆಯಾಗಿ ಬಂದಿಲ್ಲ. ಕೋರಿಕೆಯ ಸ್ಥಾನದಲ್ಲಿರುವುದು ‘ಸೂಕ್ತ ಕ್ರಮ’ ಎಂಬ ಪದಗುಚ್ಛ. 20ನೆಯ ತಾರೀಖು ಕಳೆದ ಮೇಲೆ ಇಬ್ಬರಿಗೂ ತಿಳಿಯುವ ಸಂಗತಿಯೆಂದರೆ, ಒಬ್ಬರು ಕೇಳಿದೆನೆಂದುಕೊಂಡಿದ್ದರು, ಇನ್ನೊಬ್ಬರಿಗೆ ಯಾರೂ ಕೇಳಿರಲಿಲ್ಲ.

2. ಕೋರಿಕೆ ಹುದುಗುವುದು ಹೇಗೆ?

ಕನ್ನಡವು ಕ್ರಿಯಾಪದಾಂತ್ಯ ಭಾಷೆ. ಅಧೀನ ವಾಕ್ಯಗಳು ಪ್ರಧಾನ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ. ನಾಲ್ಕನೆಯ ವಾಕ್ಯದಲ್ಲಿ ‘ಕೈಗೊಂಡಿದ್ದು’, ‘ನಡೆಸಬೇಕಾಗಿರುವುದರಿಂದ’, ‘ಸಿದ್ಧಪಡಿಸಿಕೊಂಡಿದ್ದು’, ‘ನಿಯಮವಿರುವುದರಿಂದ’, ‘ದಿನವಾಗಿರುವುದರಿಂದ’ ಎಂದು ಐದು ಅಧೀನ ವಾಕ್ಯಗಳು ಸಾಲಾಗಿ ನಿಂತಿವೆ. ಆ ಬಳಿಕವಷ್ಟೇ ‘ತಾವು’ ಎಂಬ ಕರ್ತೃಪದ ಕಾಣಿಸುತ್ತದೆ. ಓದುಗರು ಅಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು, ಇದೆಲ್ಲ ಯಾವುದಕ್ಕೆ ಕಾರಣವೆಂದು ತಿಳಿಯಲು ಕೊನೆಯ ಕ್ರಿಯಾಪದದವರೆಗೆ ಕಾಯಬೇಕಾಗುತ್ತದೆ.

‘ನಿವೇದಿಸಿಕೊಳ್ಳುವುದೇನೆಂದರೆ’ ಎಂಬ ಸೂತ್ರವು ಈ ಕಾಯುವಿಕೆಯನ್ನು ಹೆಚ್ಚಿಸುತ್ತದೆ. ಈ ಸೂತ್ರದ ಕೆಲಸವೇ ಮುಂದೆ ಬರಲಿರುವುದು ಕೋರಿಕೆಯೆಂದು ಸಾರುವುದು. ಆದರೆ ಅದರ ಹಿಂದೆಯೇ ಬರುವುದು ಎರಡು ವರ್ಷಗಳ ವೃತ್ತಾಂತ. ಅಲ್ಲದೆ ‘ಮೇಲ್ಕಂಡ ವಿಷಯ’ ಎಂಬುದು ಪತ್ರದ ಶಿರೋಭಾಗದ ‘ವಿಷಯ’ದ ಸಾಲನ್ನು ನಿರ್ದೇಶಿಸುತ್ತದೆ, ಆ ಸಾಲಿನಲ್ಲಿಯೋ ‘ತಮ್ಮ ಅವಗಾಹನೆಗಾಗಿ’ ಎಂದಷ್ಟೇ ಇದೆ. ಹೀಗೆ ನಿರ್ದೇಶನವಿದೆ, ನಿರ್ದೇಶಿತವಾದುದು ಇಲ್ಲ.

3. ವಿನಯವು ಎಲ್ಲಿದೆ?

ಸಂಕ್ಷೇಪಿಸುವ ಮುನ್ನ, ಯಾವ ಅಂಶವನ್ನು ತೆಗೆದರೆ ವಿನಯ ಕುಗ್ಗುತ್ತದೆ, ಯಾವುದನ್ನು ತೆಗೆದರೆ ಕುಗ್ಗುವುದಿಲ್ಲ ಎಂಬುದನ್ನು ಪರೀಕ್ಷಿಸಬೇಕು. ಒಂದು ಬಾರಿಗೆ ಒಂದು ಅಂಶವನ್ನು ಮಾತ್ರ ಬದಲಾಯಿಸಿ ಓದುವುದು ಇದಕ್ಕೆ ಸುಲಭವಾದ ದಾರಿ.

ಮೊದಲನೆಯದು ಸರ್ವನಾಮ. ಮೂಲತಃ ಆತ್ಮಾರ್ಥಕ ಬಹುವಚನವಾದ ‘ತಾವು’ ಮಧ್ಯಮ ಪುರುಷದಲ್ಲಿ ‘ನೀವು’ ಎಂಬುದಕ್ಕಿಂತ ಹೆಚ್ಚಿನ ಗೌರವವನ್ನು ಸೂಚಿಸುತ್ತದೆ. ಮೇಲಿನ ಆರು ವಾಕ್ಯಗಳಲ್ಲಿ ಇದರ ರೂಪಗಳು 10 ಸಲ ಬಂದಿವೆ. ಅವುಗಳಲ್ಲಿ ಎಂಟನ್ನು ತೆಗೆದರೂ ಸಂಬಂಧದ ಸ್ವರೂಪ ಬದಲಾಗುವುದಿಲ್ಲ; ಉಳಿದ ಎರಡರಲ್ಲಿ ಒಂದನ್ನು ‘ನೀವು’ ಎಂದು ಬದಲಾಯಿಸಿದರೆ ಮಾತ್ರ ಒಡನೆಯೇ ಕಿವಿಗೆ ತಟ್ಟುತ್ತದೆ. ಅಂದರೆ ಗೌರವವು ಆಯ್ಕೆಯಲ್ಲಿದೆ, ಆವೃತ್ತಿಯಲ್ಲಿ ಅಲ್ಲ.

ಎರಡನೆಯದು ಕ್ರಿಯಾರೂಪ. ‘ಬರೆಯಿರಿ’, ‘ಬರೆದುಕೊಡಿ’, ‘ಬರೆದುಕೊಡುವಿರಾ?’, ‘ಬರೆದುಕೊಡಲು ಸಾಧ್ಯವೇ?’ ಎಂಬ ನಾಲ್ಕು ರೂಪಗಳನ್ನು ಹೋಲಿಸಬಹುದು. ‘ಕೊಡು’ ಎಂಬ ಸಹಾಯಕ ಕ್ರಿಯಾಪದವು ಈ ಕೆಲಸದಿಂದ ಪ್ರಯೋಜನ ಪಡೆಯುವವರು ಬೇರೊಬ್ಬರು ಎಂಬುದನ್ನು ಒಪ್ಪಿಕೊಳ್ಳುತ್ತದೆ. ಪ್ರಶ್ನಾರ್ಥಕ ರೂಪವು ಉತ್ತರವನ್ನು ಓದುಗರಿಗೆ ಬಿಡುತ್ತದೆ. ‘ಸಾಧ್ಯವೇ’ ಎಂಬುದು ‘ಇಲ್ಲ’ ಎನ್ನಬೇಕಾಗಿ ಬಂದಾಗ ಅದನ್ನು ಅನಿಚ್ಛೆಯ ಬದಲು ಅನನುಕೂಲತೆಯ ಹೆಸರಿನಲ್ಲಿ ಹೇಳಲು ದಾರಿ ಮಾಡಿಕೊಡುತ್ತದೆ.

ಇದಕ್ಕೆ ಹೋಲಿಸಿದರೆ ‘ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ’ ಎಂಬ ರಚನೆಯ ಗರ್ಭದಲ್ಲಿರುವುದು ವಿಧ್ಯರ್ಥದ ‘ಬೇಕು’. ರೂಢಿಯ ಬಲದಿಂದ ಅದರ ಕಾಠಿಣ್ಯ ಕಡಮೆಯಾಗಿದೆ, ನಿಜ. ಆದರೂ ಈ ರಚನೆಯಲ್ಲಿ ನಿರಾಕರಣೆಗೆ ಎಡೆಯಿಲ್ಲ. ಪ್ರಾರ್ಥನೆಗೆ ‘ಇಲ್ಲ’ ಎನ್ನುವುದು ಪ್ರಶ್ನೆಗೆ ‘ಇಲ್ಲ’ ಎನ್ನುವುದಕ್ಕಿಂತ ಕಷ್ಟ. ಹೆಚ್ಚು ಬಾಗಿದಂತೆ ಕಾಣುವ ವಾಕ್ಯವೇ ಹೆಚ್ಚು ಒತ್ತಾಯವನ್ನು ಹೊತ್ತಿರುವುದು ಇಲ್ಲಿ ಗಮನಾರ್ಹ.

ಶೋಶನಾ ಬ್ಲುಮ್-ಕುಲ್ಕಾ ಅವರು 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಭಾಷಿಕರ ಅಭಿಪ್ರಾಯಗಳನ್ನು ಆಧರಿಸಿ ಪ್ರಕಟಿಸಿದ ಅಧ್ಯಯನವು ಪರೋಕ್ಷತೆ ಮತ್ತು ವಿನಯ ಒಂದೇ ಅಲ್ಲವೆಂದು ತೋರಿಸಿತು. ರೂಢಿಗತ ಪರೋಕ್ಷ ಪ್ರಶ್ನೆಗಳು ಹೆಚ್ಚು ವಿನಯಯುತವೆನಿಸಿದವು. ಕೇವಲ ಸೂಚ್ಯವಾಗಿ ಹೇಳಿದ ಕೋರಿಕೆಗಳು ಹಾಗೆನಿಸಲಿಲ್ಲ. ಕೇಳುಗರೇ ಅರ್ಥವನ್ನು ಹುಡುಕಿಕೊಳ್ಳಬೇಕಾದ ಹೊರೆಯನ್ನು ಅವರು ಇದಕ್ಕೆ ಕಾರಣವಾಗಿ ಗುರುತಿಸಿದರು. ಆ ಫಲಿತಾಂಶ ಕನ್ನಡಕ್ಕೂ ಹಾಗೆಯೇ ಅನ್ವಯಿಸುತ್ತದೆಂದು ಹೇಳಲು ಪ್ರತ್ಯೇಕ ಅಧ್ಯಯನ ಬೇಕು. ಆದರೆ ‘ಸೂಕ್ತ ಕ್ರಮ’ ಎಂಬ ಪದಗುಚ್ಛವು ಓದುಗರ ಮೇಲೆ ಹೊರಿಸುವುದು ಅದೇ ಬಗೆಯ ಹೊರೆಯನ್ನು.

4. ಕ್ರಮದ ಪ್ರಶ್ನೆ

ಮಿಂಚಂಚೆಯ ಕುರಿತ ಸಾಮಾನ್ಯ ಸಲಹೆಯೆಂದರೆ ಕೋರಿಕೆಯನ್ನು ಮೊದಲ ವಾಕ್ಯದಲ್ಲಿಯೇ ಇಡಬೇಕೆಂಬುದು. ಕನ್ನಡದಲ್ಲಿ ಇದನ್ನು ಕುರುಡಾಗಿ ಪಾಲಿಸಿದರೆ ಬರೆಹವು ಬಿರುಸಾಗಬಹುದು. ಕಾರಣವನ್ನು ಮೊದಲು ಹೇಳಿ ಬಳಿಕ ಕೇಳುವುದು ಹಲವು ಸಮಾಜಗಳಲ್ಲಿ ಸೌಜನ್ಯದ ಕ್ರಮವೇ ಆಗಿದೆ. ರೇಡಿಯೋ ಆಸ್ಟ್ರೇಲಿಯಾದ ಚೀನೀ ವಿಭಾಗಕ್ಕೆ ಬಂದ ಮ್ಯಾಂಡರಿನ್ ಕೋರಿಕೆಯ ಪತ್ರಗಳನ್ನು ಆ್ಯಂಡಿ ಕರ್ಕ್‌ಪ್ಯಾಟ್ರಿಕ್ ಅವರು 1991ರಲ್ಲಿ ವಿಶ್ಲೇಷಿಸಿ, ಸಂಬೋಧನೆ, ಸೌಜನ್ಯದ ಪೀಠಿಕೆ, ಕಾರಣ, ಆಮೇಲೆ ಕೋರಿಕೆ ಎಂಬ ಕ್ರಮವನ್ನು ಗುರುತಿಸಿದ್ದಾರೆ. ಕನ್ನಡದ ಬರೆಹಗಾರರಿಗೂ ಈ ಕ್ರಮ ಪರಿಚಿತ.

ಆದುದರಿಂದ ಕ್ರಮವನ್ನು ತಲೆಕೆಳಗು ಮಾಡಬೇಕಾದ ಅಗತ್ಯವಿಲ್ಲ. ಕನ್ನಡ ಪತ್ರದ ಸಾಂಪ್ರದಾಯಿಕ ವಿನ್ಯಾಸದಲ್ಲಿಯೇ ಇದಕ್ಕೆ ಪರಿಹಾರವಿದೆ. ‘ವಿಷಯ’ದ ಸಾಲು ಹುಟ್ಟಿದ್ದೇ ಓದುಗರಿಗೆ ಕೋರಿಕೆಯನ್ನು ಮುಂಚಿತವಾಗಿ ತಿಳಿಸಲು. ಅದು ವಾಕ್ಯವಲ್ಲ, ನಾಮಪದಗುಚ್ಛ. ಯಾರನ್ನೂ ಉದ್ದೇಶಿಸಿ ಆಡಿದ ಮಾತಲ್ಲವಾದ್ದರಿಂದ ಅಲ್ಲಿ ನೇರವಾಗಿರುವುದು ಅವಿನಯವೆನಿಸುವುದಿಲ್ಲ. ಕೋರಿಕೆಯನ್ನು ಅಲ್ಲಿ ಹೆಸರಿಸಿದರೆ ಪತ್ರದ ಒಡಲಿನಲ್ಲಿ ಕಾರಣವನ್ನೇ ಮೊದಲು ಹೇಳಬಹುದು; ಅದು ಯಾವುದರ ಕಾರಣವೆಂಬುದು ಓದುಗರಿಗೆ ಆಗಲೇ ತಿಳಿದಿರುತ್ತದೆ.

5. ಸಂಕ್ಷೇಪಿತ ರೂಪ

ವಿಷಯ: ಧನಸಹಾಯದ ಅರ್ಜಿಗೆ ಶಿಫಾರಸು ಪತ್ರ, 18ನೆಯ ತಾರೀಖಿನೊಳಗೆ

ಗುರುಗಳೇ, ನಮಸ್ಕಾರಗಳು.

(1) ಕ್ಷೇತ್ರಕಾರ್ಯದ ಧನಸಹಾಯಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ. ಅದರೊಂದಿಗೆ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರವಿರಬೇಕೆಂಬ ನಿಯಮವಿದೆ. (2) ತಾವು ಇದೇ 18ನೆಯ ತಾರೀಖಿನೊಳಗೆ ಒಂದು ಪುಟದ ಪತ್ರವನ್ನು ಬರೆದುಕೊಡಲು ಸಾಧ್ಯವೇ? (3) ಅರ್ಜಿ ಸಲ್ಲಿಸಲು 20 ಕೊನೆಯ ದಿನ. ಅರ್ಜಿಯ ಕರಡನ್ನು ಇದರೊಂದಿಗೆ ಲಗತ್ತಿಸಿದ್ದೇನೆ. (4) ಈ ವಾರ ತಮಗೆ ಬಿಡುವಿಲ್ಲದಿದ್ದರೆ ದಯವಿಟ್ಟು ತಿಳಿಸಿ. ತಮ್ಮ ಸಲಹೆಯಂತೆ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ

ಪದಗಳ ಸಂಖ್ಯೆ ಮೂಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದೆ, ಅಷ್ಟೆ. ಆದರೆ ಮೂಲದಲ್ಲಿಲ್ಲದ ನಾಲ್ಕು ಸಂಗತಿಗಳು ಇಲ್ಲಿ ಸೇರಿವೆ: ಪತ್ರದ ಗಾತ್ರ, ಅದು ಕೈಸೇರಬೇಕಾದ ದಿನ, ಅರ್ಜಿಯ ಕರಡು ಮತ್ತು ಮುಖ್ಯಸ್ಥರ ಪತ್ರವೂ ಸಲ್ಲುತ್ತದೆಂಬ ನಿಯಮ. ಕೊನೆಯದಂತೂ ಓದುಗರ ಹೊರೆಯನ್ನು ಇಳಿಸುವ ಸಂಗತಿ. ಮೂಲದಲ್ಲಿ ಅದು ಬಿಟ್ಟುಹೋಗಿತ್ತು. ಉಪಚಾರದ ಮಾತುಗಳನ್ನು ಸರಿಸಿದಾಗಲೇ ಹೇಳದೆ ಉಳಿದುದು ಕಾಣಿಸುತ್ತದೆ.

ಕೈಬಿಟ್ಟ ಭಾಗಗಳಲ್ಲಿ ಮೂರನೆಯ ವಾಕ್ಯದ ಕ್ಷಮಾಯಾಚನೆಯೂ ಒಂದು. ಸಮಯ ವ್ಯರ್ಥವಾಗುತ್ತದೆಂದು ಹೇಳಿಕೊಂಡು ಸಮಯ ತೆಗೆದುಕೊಳ್ಳುವುದಕ್ಕಿಂತ, ಒಂದು ಪುಟ ಸಾಕೆಂದು ತಿಳಿಸುವುದು ಅದೇ ಕಳಕಳಿಯ ಕಾರ್ಯರೂಪ. ಜನ್ಮಪರ್ಯಂತ ಮರೆಯಲಾರೆನೆಂಬ ಕೃತಜ್ಞತೆಯು ಪತ್ರ ಕೈಸೇರಿದ ಮೇಲೆ ಬರೆಯುವ ಎರಡು ಸಾಲಿಗೆ ಸಲ್ಲತಕ್ಕದ್ದು. ಮೊದಲೇ ಬಂದರೆ ಅದು ಒಪ್ಪಿಗೆಯನ್ನು ಮುಂಗಡವಾಗಿ ಊಹಿಸಿಕೊಂಡಂತಾಗುತ್ತದೆ.

ನಾಲ್ಕನೆಯ ವಾಕ್ಯದ ‘ತಮ್ಮ ಸಲಹೆಯಂತೆ’ ಎಂಬುದನ್ನು ಮಾತ್ರ ಕತ್ತರಿಸಬಾರದು. ಅದಿಲ್ಲದಿದ್ದರೆ ‘ತಾವು ಕೊಡದಿದ್ದರೆ ಬೇರೆಯವರು ಕೊಡುತ್ತಾರೆ’ ಎಂಬ ಧ್ವನಿ ಬಂದು, ಬಿಡುಗಡೆಗೆಂದು ತೆರೆದ ಬಾಗಿಲು ಬೆದರಿಕೆಯಾಗಿ ತೋರೀತು. ಸಂಕ್ಷೇಪವು ಕೆಡುವುದು ಹೆಚ್ಚಾಗಿ ಇಂಥ ಎಡೆಯಲ್ಲಿ: ಅಲಂಕಾರವನ್ನು ಉಳಿಸಿಕೊಂಡು, ಸಂಬಂಧವನ್ನು ಕಾಯುವ ಎರಡು ಪದಗಳನ್ನು ತೆಗೆದಾಗ.

6. ಮಿತಿಗಳು

ಬ್ರೌನ್ ಮತ್ತು ಲೆವಿನ್ಸನ್ ಅವರ ವಿನಯಸಿದ್ಧಾಂತವು ಸಾಮಾಜಿಕ ಅಂತರ, ಅಧಿಕಾರ ಮತ್ತು ಕೋರಿಕೆಯ ಭಾರ ಎಂಬ ಮೂರನ್ನು ಪರಿಗಣಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಅಧಿಕಾರದ ವ್ಯತ್ಯಾಸವಿದ್ದರೂ ಅಂತರ ಕಡಮೆ, ಭಾರವೂ ಮಿತವಾದದ್ದು. ಪರಿಚಯವಿಲ್ಲದ ವಿದ್ವಾಂಸರಿಗೆ ಬರೆಯುವಾಗ ತಾನಾರೆಂಬುದನ್ನು ತಿಳಿಸುವ ಒಂದು ವಾಕ್ಯ ಅನಿವಾರ್ಯ. ಇಡೀ ಪ್ರಬಂಧವನ್ನು ಓದಿಕೊಡಲು ಕೇಳುವುದಾದರೆ ಕಾರಣಕ್ಕೆ ಹೆಚ್ಚಿನ ಎಡೆ ಬೇಕು. ಕಡತಕ್ಕೆ ಸೇರುವ ಅರ್ಜಿಯಲ್ಲಿ ‘ಮಾನ್ಯರೇ’ ಎಂಬ ಸಂಬೋಧನೆಯನ್ನೂ ಹಿಂದಿನ ಪತ್ರಗಳ ಉಲ್ಲೇಖವನ್ನೂ ಬಿಡುವಂತಿಲ್ಲ.

ಸಂಕ್ಷೇಪವು ಸಫಲವಾಗಿದೆಯೇ ಎಂಬುದನ್ನು ಕಳುಹಿಸುವ ಮೊದಲು ಹೀಗೆ ಪರೀಕ್ಷಿಸಬಹುದು. ‘ವಿಷಯ’ದ ಸಾಲು ಮತ್ತು ಕೋರಿಕೆಯ ವಾಕ್ಯ, ಇವೆರಡನ್ನೇ ಬಿಟ್ಟು ಉಳಿದುದನ್ನು ಮುಚ್ಚಿ ಓದಬೇಕು. ಯಾರು, ಏನನ್ನು, ಯಾವಾಗ ಮಾಡಬೇಕೆಂಬುದು ಅಷ್ಟರಿಂದಲೇ ತಿಳಿಯಬೇಕು. ಅನಂತರ ಓದುಗರ ಸ್ಥಾನದಲ್ಲಿ ನಿಂತು, ಮುಜುಗರವಿಲ್ಲದೆ ‘ಈ ಬಾರಿ ಆಗುವುದಿಲ್ಲ’ ಎಂದು ಉತ್ತರಿಸಲು ಪತ್ರದಲ್ಲಿ ಅವಕಾಶವಿದೆಯೇ ಎಂದು ನೋಡಬೇಕು. ಮೊದಲನೆಯದು ಸ್ಪಷ್ಟತೆಯ ಪರೀಕ್ಷೆ, ಎರಡನೆಯದು ವಿನಯದ ಪರೀಕ್ಷೆ. ಮೇಲಿನ ಮೂಲಪತ್ರವು ಎರಡರಲ್ಲಿಯೂ ಸೋಲುತ್ತದೆ.