ಕೊನೆಯ 1ರ ಬೆನ್ನು ಹತ್ತಿ

ಫೈಲ್ ಕುಗ್ಗಿಸುವ ವಿಧಾನಗಳಲ್ಲಿ ಅರಿತ್ಮೆಟಿಕ್ ಕೋಡಿಂಗ್ ಎಂಬುದೊಂದಿದೆ. ಹೆಚ್ಚು ಸಲ ಬರುವ ಅಕ್ಷರಕ್ಕೆ ಅಗಲವಾದ ಜಾಗ, ಅಪರೂಪದ ಅಕ್ಷರಕ್ಕೆ ಕಿರಿದಾದ ಜಾಗ ಎಂಬ ಲೆಕ್ಕದಲ್ಲಿ ಅದು ಒಂದು ಸರಳರೇಖೆಯನ್ನು ಹಂಚುತ್ತದೆ. ಒಂದು ಅಕ್ಷರದ ಜಾಗ ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿಯಲು ಅದರ ಹಿಂದಿರುವ ಎಲ್ಲ ಅಕ್ಷರಗಳ ಎಣಿಕೆಯನ್ನು ಕೂಡಿಸಬೇಕು. ಈ ಮೊತ್ತಕ್ಕೇ ಪ್ರಿಫಿಕ್ಸ್ ಸಮ್ ಎನ್ನುತ್ತಾರೆ. ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ: ಅಕ್ಷರವನ್ನು ಬರೆದಾದ ಮೇಲೆ ಅದರ ಎಣಿಕೆಗೆ ಒಂದು ಸೇರಿಸಬೇಕು. ಹೀಗೆ ಪ್ರತಿ ಬೈಟ್‌ಗೂ ಒಮ್ಮೆ ಮೊತ್ತ ಕೇಳುವುದು, ಒಮ್ಮೆ ಎಣಿಕೆ ತಿದ್ದುವುದು.

ಬೈಟ್‌ಗೆ 256 ಬೆಲೆಗಳು. ಎಣಿಕೆಗಳನ್ನಷ್ಟೇ ಬರೆದಿಟ್ಟುಕೊಂಡರೆ ತಿದ್ದುವುದು ಸುಲಭ, ಆದರೆ ಮೊತ್ತಕ್ಕೆ ನೂರಾರು ಕೂಡಿಕೆ ಬೇಕಾಗಬಹುದು. ಮೊತ್ತಗಳನ್ನೇ ಬರೆದಿಟ್ಟರೆ ಕೇಳಿದ ಕೂಡಲೇ ಉತ್ತರ ಸಿಗುತ್ತದೆ, ಆದರೆ ಒಂದು ಎಣಿಕೆ ಬದಲಾದರೆ ಅದರ ಮುಂದಿನ ಎಲ್ಲ ಮೊತ್ತಗಳನ್ನೂ ತಿದ್ದಬೇಕು. 1987ರಲ್ಲಿ ವಿಟೆನ್, ನೀಲ್ ಮತ್ತು ಕ್ಲಿಯರಿ ಈ ವಿಧಾನವನ್ನು ಜನಪ್ರಿಯಗೊಳಿಸಿದ ಲೇಖನದಲ್ಲಿ ಹೆಚ್ಚು ಬರುವ ಅಕ್ಷರಗಳನ್ನು ಪಟ್ಟಿಯ ಮುಂದಕ್ಕೆ ತಂದು ಕೆಲಸ ತಗ್ಗಿಸಿದ್ದರು. ಕೆಲವೇ ಅಕ್ಷರಗಳು ಪದೇ ಪದೇ ಬರುವ ಬರಹಕ್ಕೆ ಅದು ಸಾಕು. ಎಲ್ಲ ಬೈಟ್‌ಗಳೂ ಸಮನಾಗಿ ಬರುವ ಫೈಲ್‌ನಲ್ಲಿ ಆ ಉಪಾಯದಿಂದ ಹೆಚ್ಚಿನ ಲಾಭವಿಲ್ಲ.

1994ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಫೆನ್ವಿಕ್ ಇದಕ್ಕೊಂದು ದಾರಿ ಪ್ರಕಟಿಸಿದರು. ಅದನ್ನು ಈಗ ಬೈನರಿ ಇಂಡೆಕ್ಸ್ಡ್ ಟ್ರೀ ಅಥವಾ ಫೆನ್ವಿಕ್ ಟ್ರೀ ಎನ್ನುತ್ತೇವೆ. ಇದೇ ಬಗೆಯ ರಚನೆಯನ್ನು ಬೋರಿಸ್ ರ್‍ಯಾಬ್ಕೊ 1989ರಲ್ಲೇ ಮುಂದಿಟ್ಟಿದ್ದರು, ಹೆಸರು ಮಾತ್ರ ಫೆನ್ವಿಕ್ ಅವರದ್ದೇ ನಿಂತಿತು. ಹೆಸರಿಗೆ ಇದು ಟ್ರೀ. ಆದರೆ ಕೊಂಬೆಯಿಲ್ಲ, ಪಾಯಿಂಟರ್ ಇಲ್ಲ, ಇರುವುದು ಒಂದೇ ಒಂದು ಅರೇ. ಮರದ ಆಕಾರವೆಲ್ಲ ಅಡಗಿರುವುದು ಮನೆಗಳ ಕ್ರಮಸಂಖ್ಯೆಯ ಬಿಟ್‌ಗಳಲ್ಲಿ.

ಹದಿನಾರು ಮನೆಗಳ ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಸಾಲು ಮನೆಯ ಸಂಖ್ಯೆ, ಎರಡನೆಯದು ನಿಜವಾದ ಎಣಿಕೆ, ಮೂರನೆಯದು ಫೆನ್ವಿಕ್ ಅರೇಯಲ್ಲಿ ಇಡುವುದು.

```
i  1  2  3  4  5  6  7  8  9 10 11 12 13 14 15 16
a  3  1  4  2  5  1  2  6  1  3  2  4  7  1  1  2
t  3  4  4 10  5  6  2 24  1  4  2 10  7  8  1 45
```

`t`ಯ ಪ್ರತಿ ಮನೆಯಲ್ಲೂ ಅಲ್ಲಿಗೆ ಮುಗಿಯುವ ಒಂದು ತುಂಡಿನ ಮೊತ್ತವಿದೆ. ತುಂಡು ಎಷ್ಟು ಉದ್ದ ಎಂಬುದನ್ನು ಮನೆಯ ಸಂಖ್ಯೆಯೇ ಹೇಳುತ್ತದೆ. ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದು, ಬಲತುದಿಯಿಂದ ನೋಡುತ್ತಾ ಬಂದರೆ ಮೊದಲು ಸಿಗುವ 1ರ ಸ್ಥಾನಬೆಲೆಯೇ ಉದ್ದ. 12 ಎಂದರೆ 1100. ಅದರ ಕೊನೆಯ 1ರ ಬೆಲೆ 4, ಹಾಗಾಗಿ 12ನೇ ಮನೆಯಲ್ಲಿ 9ರಿಂದ 12ರವರೆಗಿನ ನಾಲ್ಕು ಎಣಿಕೆಗಳ ಮೊತ್ತ, 1+3+2+4, ಅಂದರೆ 10 ಕೂತಿದೆ. ಬೆಸಸಂಖ್ಯೆಯ ಮನೆಗಳಲ್ಲಿ ತಮ್ಮ ಎಣಿಕೆ ಮಾತ್ರ. 8ನೇ ಮನೆಯಲ್ಲಿ 1ರಿಂದ 8ರವರೆಗಿನ ಮೊತ್ತ, 16ರಲ್ಲಿ ಇಡೀ ಕೋಷ್ಟಕದ್ದು.

ಈ ಕೊನೆಯ 1 ಅನ್ನು ಹೆಕ್ಕಿ ತೆಗೆಯಲು ಬರೆಯುವುದು `i & -i`. ಋಣ ಸಂಖ್ಯೆಯನ್ನು ಕಂಪ್ಯೂಟರ್ ಇಡುವ ಬಗೆ ಹೀಗೆ: ಎಲ್ಲ ಬಿಟ್‌ಗಳನ್ನೂ ತಿರುವುಮುರುವು ಮಾಡಿ ಒಂದು ಕೂಡಿಸುವುದು. 12, ಅಂದರೆ 01100, ತಿರುವಿದಾಗ 10011 ಆಗುತ್ತದೆ. ಒಂದು ಕೂಡಿಸಿದಾಗ ಬಲತುದಿಯ 1ಗಳು ದಶಕದಂತೆ ಮುಂದಕ್ಕೆ ಹೋಗಿ 10100 ಬರುತ್ತದೆ. ಮೂಲ ಸಂಖ್ಯೆಯೊಂದಿಗೆ ಹೋಲಿಸಿ: ಕೊನೆಯ 1 ಮತ್ತು ಅದರ ಬಲಕ್ಕಿರುವ ಸೊನ್ನೆಗಳು ಹಾಗೇ ಇವೆ, ಎಡಕ್ಕಿರುವುದೆಲ್ಲ ತಿರುವಿಕೊಂಡಿದೆ. ಎರಡರಲ್ಲೂ 1 ಇರುವ ಸ್ಥಾನ ಒಂದೇ ಉಳಿಯುತ್ತದೆ, 00100.

ಇಷ್ಟಾದರೆ ಪ್ರೋಗ್ರಾಮ್ ಮುಗಿದಂತೆಯೇ.

```c
int sum(int i) {
    int s = 0;
    for (; i > 0; i -= i & -i) s += t[i];
    return s;
}
void add(int i, int d) {
    for (; i <= n; i += i & -i) t[i] += d;
}
```

13ರವರೆಗಿನ ಮೊತ್ತ ಬೇಕು ಎನ್ನೋಣ. 13 ಎಂದರೆ 1101. ಆ ಮನೆಯಲ್ಲಿ 7 ಇದೆ. ಕೊನೆಯ 1 ಅನ್ನು ಅಳಿಸಿದರೆ 1100, ಅಂದರೆ 12ನೇ ಮನೆ, ಅಲ್ಲಿ 10. ಮತ್ತೆ ಅಳಿಸಿದರೆ 1000, 8ನೇ ಮನೆ, ಅಲ್ಲಿ 24. ಇನ್ನೊಮ್ಮೆ ಅಳಿಸಿದರೆ ಸೊನ್ನೆ, ಅಲ್ಲಿಗೆ ನಿಲ್ಲುವುದು. ಮೊತ್ತ 41. ಮೂರು ತುಂಡುಗಳು (13 ಒಂದೇ, 9ರಿಂದ 12, 1ರಿಂದ 8) ಒಂದರ ಮೇಲೊಂದು ಬೀಳದೆ, ನಡುವೆ ಸಂದು ಬಿಡದೆ 1ರಿಂದ 13ನ್ನು ಮುಚ್ಚಿವೆ. ಸಂಖ್ಯೆಯಲ್ಲಿ ಎಷ್ಟು 1 ಇವೆಯೋ ಅಷ್ಟೇ ಹೆಜ್ಜೆ.

ಕೇಳುವ ದಾರಿ ಹೀಗೆ ಎಲ್ಲರಿಗೂ ಬೇಗ ಹಿಡಿಸುತ್ತದೆ. ತಿದ್ದುವ ದಾರಿಯನ್ನು ಬಹುಪಾಲು ಮಂದಿ ಬಾಯಿಪಾಠ ಮಾಡಿ ಬಿಡುತ್ತಾರೆ: ಅಲ್ಲಿ ಕಳೆದೆವು, ಇಲ್ಲಿ ಕೂಡಿಸುತ್ತೇವೆ, ಅಷ್ಟೆ ಎಂದು. ನನಗೆ ಈ ರಚನೆಯ ನಿಜವಾದ ಸೊಗಸು ಕಾಣುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

5ನೇ ಎಣಿಕೆಗೆ ಒಂದು ಸೇರಿಸಬೇಕಾಗಿದೆ. 5 ಎಂದರೆ 00101. ಕೊನೆಯ 1ರ ಬೆಲೆಯನ್ನು ಕೂಡಿಸಿದರೆ 00110, ಅಂದರೆ 6. ಮತ್ತೆ ಕೂಡಿಸಿದರೆ 01000, ಅಂದರೆ 8. ಮತ್ತೆ ಕೂಡಿಸಿದರೆ 10000, ಅಂದರೆ 16. ಈ ನಾಲ್ಕು ಮನೆಗಳಿಗೆ ಒಂದೊಂದು ಸೇರಿಸಿದರೆ 6, 7, 25, 46 ಆಗುತ್ತವೆ. 5ನ್ನು ಒಳಗೊಂಡ ತುಂಡುಗಳು ಇವು ನಾಲ್ಕೇ, ಒಂದೂ ತಪ್ಪಿಲ್ಲ ಎನ್ನಲು ಆಧಾರವೇನು?

5ಕ್ಕಿಂತ ಮುಂದಿರುವ ಮನೆಯೊಂದು 5ನ್ನು ಒಳಗೊಳ್ಳಬೇಕಾದರೆ ಆ ಮನೆಯ ತುಂಡು 5ರಲ್ಲಿ ಅಥವಾ ಅದಕ್ಕಿಂತ ಹಿಂದೆಯೇ ಶುರುವಾಗಬೇಕು. ಬಿಟ್‌ಗಳ ಮಾತಿನಲ್ಲಿ ಹೇಳಿದರೆ, ಎರಡು ಸಂಖ್ಯೆಗಳ ಎಡಭಾಗ ಒಂದೇ ಆಗಿರಬೇಕು, ಆ ಮನೆಯ ಕೊನೆಯ 1 ಇರುವಲ್ಲಿ 5ರಲ್ಲಿ ಸೊನ್ನೆ ಇರಬೇಕು, ಅದರ ಬಲಕ್ಕೆ 5ರಲ್ಲಿ ಕನಿಷ್ಠ ಒಂದಾದರೂ 1 ಇರಬೇಕು. ಹಾಗಾಗಿ ಅಂಥ ಮನೆಗಳನ್ನು ಹುಡುಕುವ ರೀತಿ ಸರಳ: 5ರ ಕೊನೆಯ 1ಕ್ಕಿಂತ ಎಡಕ್ಕಿರುವ ಸೊನ್ನೆಯೊಂದನ್ನು ಆರಿಸಿ, ಅದನ್ನು 1 ಮಾಡಿ, ಬಲಕ್ಕಿರುವುದನ್ನೆಲ್ಲ ಅಳಿಸಿ. 00101ರಲ್ಲಿ ಅಂಥ ಸೊನ್ನೆಗಳು ಮೂರು. ಅವುಗಳಿಂದ ಹುಟ್ಟುವವು 00110, 01000, 10000. ಕೂಡಿಕೆಯಲ್ಲಿ ನಡೆಯುವುದೂ ಇದೇ ಕೆಲಸ. ಕೊನೆಯ 1ಕ್ಕೆ ಅದರದೇ ಬೆಲೆ ಕೂಡಿದಾಗ ದಶಕವು ಸಾಲಾಗಿ ನಿಂತ 1ಗಳನ್ನೆಲ್ಲ ಅಳಿಸುತ್ತಾ ಹೋಗಿ, ಮೊದಲು ಸಿಕ್ಕ ಸೊನ್ನೆಯಲ್ಲಿ ಕೂರುತ್ತದೆ. ಮುಂದಿನ ಕೂಡಿಕೆ ಅದರ ಮುಂದಿನ ಸೊನ್ನೆಗೆ. ಕೇಳುವಾಗ 1ಗಳ ಲೆಕ್ಕ, ತಿದ್ದುವಾಗ ಸೊನ್ನೆಗಳ ಲೆಕ್ಕ.

ಇವೆರಡನ್ನೂ ಎದುರುಬದುರು ಇಟ್ಟು ನೋಡಿ. 5ನ್ನು ತಿದ್ದಿದ ದಾರಿ 5, 6, 8, 16. 13ನ್ನು ಕೇಳಿದ ದಾರಿ 13, 12, 8. ಎರಡಕ್ಕೂ ಸೇರಿದ ಮನೆ 8 ಒಂದೇ. 7ನ್ನು ಕೇಳಿದರೆ 7, 6, 4, ಅಲ್ಲಿ ಸಂಧಿಸುವುದು 6ರಲ್ಲಿ. 4ನ್ನು ಕೇಳಿದರೆ ಎಲ್ಲೂ ಸಂಧಿಸುವುದಿಲ್ಲ, ಸಂಧಿಸಬಾರದು ಕೂಡ, ಏಕೆಂದರೆ 5 ಅದರಾಚೆಗಿದೆ. ಯಾವ ತಿದ್ದುಪಡಿಯೇ ಆಗಲಿ, ಅದರಿಂದ ಮುಂದಿನ ಯಾವ ಪ್ರಶ್ನೆಯನ್ನೇ ಕೇಳಲಿ, ಎರಡು ದಾರಿಗಳು ಒಂದೇ ಒಂದು ಮನೆಯಲ್ಲಿ ಕೂಡುತ್ತವೆ. ಎರಡು ಕಡೆ ಕೂಡಿದ್ದರೆ ಎಣಿಕೆ ಎರಡು ಸಲ ಸೇರುತ್ತಿತ್ತು, ಎಲ್ಲೂ ಕೂಡದಿದ್ದರೆ ಕಳೆದೇ ಹೋಗುತ್ತಿತ್ತು. 256 ಮನೆಗಳ ಕೋಷ್ಟಕದಲ್ಲಿ ಕೇಳಲು ಎಂಟು, ತಿದ್ದಲು ಒಂಬತ್ತು ಮನೆಗಳನ್ನು ಮೀರಿ ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಕುಗ್ಗಿಸಿದ ಫೈಲ್ ಬಿಚ್ಚುವವನ ಪ್ರಶ್ನೆ ಬೇರೆ. ಅವನ ಕೈಲಿರುವುದು ರೇಖೆಯ ಮೇಲಿನ ಒಂದು ಬಿಂದು, ಬೇಕಾದದ್ದು ಅದು ಯಾವ ಅಕ್ಷರದ ಜಾಗದಲ್ಲಿ ಬೀಳುತ್ತದೆ ಎಂಬುದು. ತಿದ್ದಿದ ಕೋಷ್ಟಕದಲ್ಲಿ ಬಿಂದು 20 ಎಂದಿಟ್ಟುಕೊಳ್ಳಿ. ಇಲ್ಲಿ ದೊಡ್ಡ ಬಿಟ್‌ನಿಂದ ಶುರು. 16ನೇ ಮನೆಯಲ್ಲಿ 46, ಅದು 20ಕ್ಕಿಂತ ಹೆಚ್ಚು, ಬಿಡಿ. 8ರಲ್ಲಿ 25, ಅದೂ ಹೆಚ್ಚು. 4ರಲ್ಲಿ 10, ಇದು ಹಿಡಿಸುತ್ತದೆ; 4ಕ್ಕೆ ಹೋಗಿ ನಿಂತು 20ರಲ್ಲಿ 10 ಕಳೆಯಿರಿ. ಅಲ್ಲಿಂದ ಎರಡು ಮುಂದೆ 6ರಲ್ಲಿ 7, ಹಿಡಿಸುತ್ತದೆ, ಉಳಿದದ್ದು 3. ಇನ್ನೊಂದು ಮುಂದೆ 7ರಲ್ಲಿ 2, ಉಳಿದದ್ದು 1. ಬಿಟ್‌ಗಳು ಮುಗಿದವು. ಉತ್ತರ 7ರ ಮುಂದಿನದು, ಅಂದರೆ 8ನೇ ಅಕ್ಷರ. ಅದರ ಜಾಗ 19ರಿಂದ 24ರವರೆಗೆ, 20 ಅದರೊಳಗೇ ಇದೆ. ಐದು ಸಲ ನೋಡಿದ್ದು, ಒಮ್ಮೆಯೂ ಹಿಂದಕ್ಕೆ ಬಂದದ್ದಿಲ್ಲ. ಎಣಿಕೆಗಳು ಋಣವಾಗಿರಬಾರದು ಎಂಬುದಷ್ಟೇ ಈ ಹುಡುಕಾಟದ ಶರತ್ತು.

ಕೈಕೊಡುವ ಜಾಗಗಳೂ ಇವೆ. ಮನೆಗಳನ್ನು 1ರಿಂದ ಎಣಿಸಬೇಕು. ಸಿ ಭಾಷೆಯ ಅಭ್ಯಾಸದಲ್ಲಿ `add(0, 1)` ಎಂದು ಬರೆದರೆ ಸೊನ್ನೆಯಲ್ಲಿ 1 ಎಂಬುದೇ ಇಲ್ಲವಾದ್ದರಿಂದ `i & -i` ಕೂಡ ಸೊನ್ನೆ, `i` ಕದಲುವುದಿಲ್ಲ, ಲೂಪ್ ಮುಗಿಯುವುದಿಲ್ಲ. ಎರರ್ ಸಂದೇಶ ಬರುವುದಿಲ್ಲ, ಪ್ರೋಗ್ರಾಮ್ ಸುಮ್ಮನೆ ಓಡುತ್ತಲೇ ಇರುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದು. ಅರಿತ್ಮೆಟಿಕ್ ಕೋಡಿಂಗ್‌ನಲ್ಲಿ ಒಟ್ಟು ಎಣಿಕೆ ಒಂದು ಮಿತಿ ಮುಟ್ಟಿದಾಗ ಎಲ್ಲ ಎಣಿಕೆಗಳನ್ನೂ ಅರ್ಧ ಮಾಡುವ ರೂಢಿಯಿದೆ. ಯಾವುದೂ ಸೊನ್ನೆಯಾಗದಿರಲಿ ಎಂದು ಅರ್ಧವನ್ನು ಮೇಲಕ್ಕೆ ಪೂರ್ಣಗೊಳಿಸುತ್ತಾರೆ, 1 ಇದ್ದದ್ದು 1 ಆಗಿಯೇ ಉಳಿಯುತ್ತದೆ. ಹಾಗಾದರೆ `t`ಯ ಮನೆಗಳನ್ನೇ ಒಂದೊಂದಾಗಿ ಅರ್ಧ ಮಾಡಿದರಾಯಿತಲ್ಲ ಎನಿಸುತ್ತದೆ. ನಾಲ್ಕು ಅಕ್ಷರಗಳ ಎಣಿಕೆ 1, 2, 1, 1 ಇದೆಯೆನ್ನಿ. ಆಗ `t` 1, 3, 1, 5. ಮೇಲಕ್ಕೆ ಅರ್ಧ ಮಾಡಿದರೆ 1, 2, 1, 3. ಈಗ ನಾಲ್ಕನೆಯ ಅಕ್ಷರದ ಎಣಿಕೆ ತೆಗೆದು ನೋಡಿ. ನಾಲ್ಕನೇ ಮನೆಯ 3ರಲ್ಲಿ ಮೂರನೇ ಮನೆಯ 1 ಮತ್ತು ಎರಡನೇ ಮನೆಯ 2 ಕಳೆದರೆ ಉಳಿಯುವುದು ಸೊನ್ನೆ. ಆ ಅಕ್ಷರಕ್ಕೆ ರೇಖೆಯ ಮೇಲೆ ಜಾಗವೇ ಇಲ್ಲವಾಯಿತು. ಮುಂದೆಂದೋ ಅದು ಫೈಲ್‌ನಲ್ಲಿ ಎದುರಾದಾಗ ಬರೆಯಲು ದಾರಿಯಿಲ್ಲ. ಸಣ್ಣ ಫೈಲ್‌ಗಳಲ್ಲಿ ಮಿತಿ ಮುಟ್ಟುವುದೇ ಇಲ್ಲ, ಹಾಗಾಗಿ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ದೊಡ್ಡ ಫೈಲ್‌ನ ನಡುವೆಲ್ಲೋ ಬಿಚ್ಚಿದ ಪಠ್ಯ ಹಠಾತ್ತನೆ ಕಲಸುಮೇಲೋಗರವಾಗುತ್ತದೆ.

ಸರಿಯಾದ ಕ್ರಮವೆಂದರೆ ಮೂಲ ಎಣಿಕೆಗಳನ್ನು ಅರ್ಧ ಮಾಡಿ `t`ಯನ್ನು ಹೊಸದಾಗಿ ಕಟ್ಟುವುದು. ಅದಕ್ಕೆ `add` ಅನ್ನು 256 ಸಲ ಕರೆಯಬೇಕಾಗಿಲ್ಲ. ಎಣಿಕೆಗಳನ್ನೇ `t`ಗೆ ನಕಲು ಮಾಡಿ, 1ನೇ ಮನೆಯಿಂದ ಕ್ರಮವಾಗಿ ಹೋಗುತ್ತಾ ಪ್ರತಿ ಮನೆಯ ಬೆಲೆಯನ್ನು ಅದರ ಮುಂದಿನ ಹೆಜ್ಜೆಯ ಮನೆಗೆ ಒಮ್ಮೆ ಕೂಡಿಸಿದರೆ ಸಾಕು.

```c
for (int i = 1; i <= n; i++) {
    int p = i + (i & -i);
    if (p <= n) t[p] += t[i];
}
```

ಒಂದು ಮನೆಯ ಸರದಿ ಬರುವಷ್ಟರಲ್ಲಿ ಅದಕ್ಕೆ ಸೇರಬೇಕಾದುದೆಲ್ಲ ಆಗಲೇ ಸೇರಿರುತ್ತದೆ, ಏಕೆಂದರೆ ಅದರೊಳಗಿನ ತುಂಡುಗಳೆಲ್ಲ ಅದಕ್ಕಿಂತ ಚಿಕ್ಕ ಸಂಖ್ಯೆಯ ಮನೆಗಳವು. ಹಿಂದಿನ ಕೋಷ್ಟಕದ 12ನೇ ಮನೆಗೆ 10 ಮತ್ತು 11ನೇ ಮನೆಗಳಿಂದ 4, 2 ಬಂದು ಅದರ ಸ್ವಂತದ 4ಕ್ಕೆ ಕೂಡಿ 10 ಆಗಿರುತ್ತದೆ. 9ನೇ ಮನೆಯ ಎಣಿಕೆ 10ರ ಮೂಲಕ ಬಂದಿರುತ್ತದೆ. 256 ಮನೆಗಳ ಕೋಷ್ಟಕಕ್ಕೆ ಬೇಕಾಗುವುದು 255 ಕೂಡಿಕೆ: ಕೊನೆಯ ಮನೆಯನ್ನು ಬಿಟ್ಟು ಉಳಿದ ಪ್ರತಿಯೊಂದಕ್ಕೂ ಒಂದೊಂದು.